ಆಕೆ ಹೇಳದಿದ್ದರೂ ಕೊಳ್ಳುತ್ತಿದ್ದರೇ?

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರದ ಕೆಎಸ್‌ಡಿಎಲ್ ಸಂಸ್ಥೆ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ನೇಮಿಸಿಕೊಂಡಿತು. ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ. ಕನ್ನಡದ ನಟಿಯರು ಇರಲಿಲ್ಲವೇ ಎಂದು ಒಂದು ಕಡೆಯವರು ಕೇಳಿದರು; ರಾಜ್ಯದ ಹೊರಗಿನ ಮಾರುಕಟ್ಟೆ ಬೆಳೆಯಬೇಕಲ್ಲ ಎಂದು ಸಚಿವರು ಉತ್ತರಿಸಿದರು. ಆ ವಾದ ಹೆಚ್ಚಾಗಿ ಮುಖ ಯಾರದ್ದಿರಬೇಕು ಎಂಬುದರ ಸುತ್ತಲೇ ನಡೆಯಿತು. ಆ ಮುಖದಿಂದ ಎಷ್ಟು ಸೋಪು ಹೆಚ್ಚು ಮಾರಾಟವಾಯಿತೆಂದು ನಾಳೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ ಹಿಂದೆ ಉಳಿಯಿತು.

ಅಷ್ಟು ಹಣವಿಲ್ಲದ ಸಣ್ಣ ಕಂಪನಿಗಳು ಇನ್ನೊಂದು ದಾರಿ ಹಿಡಿದಿವೆ. ಬೆಂಗಳೂರಿನಲ್ಲಿ ಎರಡು ಕೋಣೆಯ ಕಚೇರಿ ಇಟ್ಟುಕೊಂಡು, ಬೇರೆಯವರ ಕಾರ್ಖಾನೆಯಲ್ಲಿ ಸನ್‌ಸ್ಕ್ರೀನ್ ಮಾಡಿಸಿ, ತಮ್ಮದೇ ವೆಬ್‌ಸೈಟಿನಲ್ಲಿ ಮಾರುವವರು ಐದೋ ಹತ್ತೋ ಸಾವಿರ ಫಾಲೋವರ್‌ಗಳಿರುವ ಇನ್‌ಸ್ಟಾಗ್ರಾಂ ಇನ್‌ಫ್ಲುಯೆನ್ಸರ್‌ಗಳ ಹತ್ತಿರ ಹೋಗುತ್ತಾರೆ. ಒಂದು ರೀಲ್‌ಗೆ ಕೆಲವು ಸಾವಿರ ರೂಪಾಯಿ, ಜೊತೆಗೆ ಎರಡು ಟ್ಯೂಬ್, ಆಕೆಯ ಹೆಸರಿನದೊಂದು ಕೂಪನ್ ಕೋಡ್. ತಿಂಗಳ ಕೊನೆಗೆ ಆ ಕೋಡ್ ಎಷ್ಟು ಸಲ ಬಳಕೆಯಾಯಿತೆಂದು ಎಣಿಸಿದರೆ ಲೆಕ್ಕ ಮುಗಿಯಿತು ಎಂಬುದು ಈ ವ್ಯಾಪಾರದಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ಮಾತು. ಈ ಲೆಕ್ಕ ತಪ್ಪು ಎಂಬುದು ನನ್ನ ವಾದ. ಅದಕ್ಕಿಂತ ಮುಖ್ಯವಾಗಿ, ಈ ತಪ್ಪು ಲೆಕ್ಕ ಒಳ್ಳೆಯ ಕೆಲಸ ಮಾಡುವವರನ್ನು ಹೊರಗೆ ಹಾಕಿ ರಿಯಾಯಿತಿ ಕೂಗುವವರನ್ನು ಮಾತ್ರ ಉಳಿಸುತ್ತದೆ.

ಸಣ್ಣವರ ಹತ್ತಿರ ಏಕೆ ಹೋಗಬೇಕು ಎಂಬುದನ್ನು ಮೊದಲು ನೋಡೋಣ. ಕಡಿಮೆ ದುಡ್ಡಿಗೆ ಸಿಗುತ್ತಾರೆ ಎಂಬುದೊಂದೇ ಕಾರಣವಾದರೆ ಅದು ದುರ್ಬಲ ಕಾರಣ. ಸನ್‌ಸ್ಕ್ರೀನನ್ನೇ ತೆಗೆದುಕೊಳ್ಳಿ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಕ್ರೀಮುಗಳು ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಬೆಳ್ಳಗೆ ಕಾಣುತ್ತವೆ. ಜಾಹೀರಾತಿನ ಮಾಡೆಲ್ಲಿನ ಮುಖದಲ್ಲಿ ಅದು ಗೊತ್ತಾಗುವುದಿಲ್ಲ. ಧಾರವಾಡದ ಹುಡುಗಿಯೊಬ್ಬಳು ತನ್ನ ಮನೆಯ ಮಾಳಿಗೆ ಮೇಲೆ ನಿಂತು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಕ್ರೀಮು ಹಿಂಡಿಕೊಂಡು, ಅರ್ಧ ಮುಖಕ್ಕೆ ಮಾತ್ರ ಹಚ್ಚಿಕೊಳ್ಳುತ್ತಾಳೆ ಎಂದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ಕ್ಯಾಮೆರಾ ಎದುರು ಬಂದು ಎರಡೂ ಕೆನ್ನೆ ತೋರಿಸುತ್ತಾಳೆ. ಬೆವರು ಬಂದಾಗ ಹುಬ್ಬಿನ ಹತ್ತಿರ ಕ್ರೀಮು ಕಣ್ಣಿಗೆ ಇಳಿದು ಉರಿಯುತ್ತದೋ ಇಲ್ಲವೋ ಅದನ್ನೂ ಹೇಳುತ್ತಾಳೆ. ಕೆಳಗೆ ಕಾಮೆಂಟು ಬರುತ್ತದೆ: ‘ಅಕ್ಕಾ, ಎಣ್ಣಿ ಚರ್ಮಕ್ಕ ನಡೀತದೇನ್ರಿ?’ ಇನ್ನೊಬ್ಬಳು ಕೇಳುತ್ತಾಳೆ: ‘ಹಚ್ಕೊಂಡ ಮ್ಯಾಲೆ ಪೌಡರ್ ಹಾಕ್ಬೇಕೇನು?’ ಅಕ್ಕ ಸಂಜೆ ಕೂತು ಉತ್ತರ ಬರೆಯುತ್ತಾಳೆ.

ಕಂಪನಿ ಕೊಳ್ಳುತ್ತಿರುವುದು ಇದನ್ನು: ಕೇಳುವವಳ ಮೈಬಣ್ಣದ ಮೇಲೆ, ಕೇಳುವವಳ ಊರಿನ ಬಿಸಿಲಿನಲ್ಲಿ, ಕೇಳುವವಳ ಮಾತಿನಲ್ಲಿ ನಡೆದ ಒಂದು ಪ್ರಯೋಗ. ಆಕೆ ಸಾಕ್ಷಿ ಹೇಳಬಹುದಾದದ್ದಕ್ಕೆ ಮಿತಿಯೂ ಇದೆ. ಜಿಡ್ಡು, ಬಿಳಿಚಿಕೊಳ್ಳುವುದು, ಉರಿ, ವಾಸನೆ, ಬೆವರು, ಇವನ್ನು ಆಕೆ ಹೇಳಬಲ್ಲಳು. ಎಸ್‌ಪಿಎಫ್ 50 ನಿಜವಾಗಿ ಇದೆಯೇ ಎಂದು ಹೇಳಲಾರಳು. ಅದಕ್ಕೆ ಪ್ರಯೋಗಾಲಯ ಬೇಕು. ಕಲೆ ಹೋಗುತ್ತದೆ, ಬಂಗು ವಾಸಿಯಾಗುತ್ತದೆ ಎಂದು ಆಕೆಯ ಬಾಯಲ್ಲಿ ಹೇಳಿಸುವ ಕಂಪನಿ ಸೌಂದರ್ಯವರ್ಧಕವನ್ನು ಔಷಧಿಯಂತೆ ಮಾರುತ್ತಿದೆ. ಅಂಥ ಕಂಪನಿ ಹೇಗೆ ಅಳೆದರೂ ಪ್ರಯೋಜನವಿಲ್ಲ.

ಆಕೆಯನ್ನು ಆರಿಸುವಾಗಲೂ ಇದೇ ದೃಷ್ಟಿ ಇರಬೇಕು. ಫಾಲೋವರ್ ಸಂಖ್ಯೆ ಕೊಳ್ಳಲು ಸಿಗುತ್ತದೆ, ಲೈಕು ಕೊಳ್ಳಲು ಸಿಗುತ್ತದೆ. ಮೇಲೆ ಹೇಳಿದಂಥ ಪ್ರಶ್ನೆಗಳನ್ನು ಕೊಳ್ಳುವುದು ಕಷ್ಟ. ಹಿಂದಿನ ಹತ್ತಿಪ್ಪತ್ತು ರೀಲ್‌ಗಳ ಕಾಮೆಂಟು ಓದಿದರೆ ಅರ್ಧ ವಿಷಯ ತಿಳಿಯುತ್ತದೆ. ಹೃದಯದ ಚಿತ್ರ, ಬೆಂಕಿಯ ಚಿತ್ರ, ‘ಸೂಪರ್’ ಎಂಬುದೇ ತುಂಬಿದ್ದರೆ ಅಲ್ಲಿ ನೋಡುವವರಿದ್ದಾರೆ, ಕೇಳುವವರಿಲ್ಲ. ಇನ್ನರ್ಧ ಆಕೆಯ ಖಾತೆಯೊಳಗಿನ ಅಂಕಿಅಂಶದ ಪುಟದಲ್ಲಿದೆ. ನೋಡುವವರು ಯಾವ ಊರಿನವರು, ಯಾವ ವಯಸ್ಸಿನವರು ಎಂಬುದು ಅಲ್ಲಿ ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ಕೇಳಬಾರದು, ತಿದ್ದುವುದು ಸುಲಭ. ಆಕೆಯ ಫೋನಿನಲ್ಲೇ ಪುಟ ತೆರೆದು ಕೆಳಗೆ ಸರಿಸುತ್ತಾ ಮಾಡಿದ ಸ್ಕ್ರೀನ್ ರೆಕಾರ್ಡಿಂಗ್ ಕೇಳಬೇಕು. ಬೆಳಗಾವಿಯ ಕನ್ನಡದಲ್ಲಿ ಮಾತಾಡುವವಳ ನೋಡುಗರು ಹೆಚ್ಚಾಗಿ ಹೊರರಾಜ್ಯದ ಯಾವುದೋ ನಗರದಲ್ಲಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಇನ್ನು ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ವಿಷಯ ಸ್ಪಷ್ಟವಾಗಲೆಂದು. ಓದುವವರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಒಂದು ಕಂಪನಿ 50 ಗ್ರಾಂ ಸನ್‌ಸ್ಕ್ರೀನ್ ಟ್ಯೂಬನ್ನು 499 ರೂಪಾಯಿಗೆ ಮಾರುತ್ತದೆ. ಉತ್ತರ ಕರ್ನಾಟಕದ 12 ಮಂದಿ ಇನ್‌ಫ್ಲುಯೆನ್ಸರ್‌ಗಳನ್ನು ಹಿಡಿಯುತ್ತದೆ. ಒಬ್ಬೊಬ್ಬರಿಗೆ 3,000ದಿಂದ 8,000 ರೂಪಾಯಿ, ಒಟ್ಟು 60,000. ಕೋಡ್ ಹಾಕಿದವರಿಗೆ ಹತ್ತು ಪರ್ಸೆಂಟ್ ರಿಯಾಯಿತಿ, ಅಂದರೆ ಟ್ಯೂಬಿಗೆ 449. ನಾಲ್ಕು ವಾರದಲ್ಲಿ 420 ಆರ್ಡರ್ ಕೋಡಿನ ಮೂಲಕ ಬರುತ್ತದೆ. ಇದನ್ನು ನಡೆಸಿಕೊಟ್ಟ ಏಜೆನ್ಸಿ ವರದಿ ಬರೆಯುತ್ತದೆ: ಮಾರಾಟ 1,88,580 ರೂಪಾಯಿ, ಖರ್ಚು 60,000, ಹಾಕಿದ ರೂಪಾಯಿಗೆ ಮೂರು ರೂಪಾಯಿ ಬಂತು. ಎಲ್ಲರಿಗೂ ಖುಷಿ.

ಈ ಮೂರು ರೂಪಾಯಿಯಲ್ಲಿ ಕಂಪನಿಯದ್ದು ಎಷ್ಟು? 449ರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ. ಅದನ್ನು ತೆಗೆದರೆ 381 ಉಳಿಯುತ್ತದೆ. ಕ್ರೀಮು, ಟ್ಯೂಬ್, ಡಬ್ಬಿ ಸೇರಿ 110. ಕೊರಿಯರ್ 70. ಪೇಮೆಂಟ್ ಗೇಟ್‌ವೇ ಅಥವಾ ಕ್ಯಾಶ್ ಆನ್ ಡೆಲಿವರಿಯ ಶುಲ್ಕ 15, ಪ್ಯಾಕಿಂಗ್ 10. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲವರೆಗೆ ಹೋಗಿ ‘ಬೇಡ’ ಎನ್ನಿಸಿಕೊಂಡು ವಾಪಸ್ ಬರುವ ಪಾರ್ಸೆಲ್‌ಗಳ ನಷ್ಟವನ್ನು ಎಲ್ಲ ಆರ್ಡರ್‌ಗಳಿಗೂ ಹಂಚಿದರೆ ತಲಾ 26. ಒಟ್ಟು 231 ಹೋಗಿ ಕೈಗೆ ಉಳಿಯುವುದು 150 ರೂಪಾಯಿ. 420 ಆರ್ಡರಿಗೆ 63,000. ಖರ್ಚಿನ ಕಡೆಗೂ ಏಜೆನ್ಸಿ ಬರೆಯದ ಎರಡು ಬಾಬತ್ತು ಇವೆ: ಉಚಿತವಾಗಿ ಕಳಿಸಿದ ಟ್ಯೂಬುಗಳಿಗೆ ಮತ್ತು ಅವುಗಳ ಕೊರಿಯರಿಗೆ 3,600, ಹನ್ನೆರಡು ಮಂದಿಯ ಜೊತೆ ಮಾತಾಡಿ, ನೆನಪಿಸಿ, ವಿಡಿಯೋ ನೋಡಿ ಒಪ್ಪಿಗೆ ಕೊಡುತ್ತ ತಿಂಗಳೆಲ್ಲ ಓಡಾಡಿದ ನೌಕರನ ಸಮಯಕ್ಕೆ 12,400. ಒಟ್ಟು ಖರ್ಚು 76,000. ಮೂರು ಪಟ್ಟು ಬಂತೆಂದು ಬರೆದ ಪ್ರಚಾರದಲ್ಲಿ, ಬಂದ ಪ್ರತಿ ಆರ್ಡರೂ ಇನ್‌ಫ್ಲುಯೆನ್ಸರ್‌ಗಳಿಂದಲೇ ಬಂತೆಂದು ಒಪ್ಪಿಕೊಂಡರೂ, 13,000 ರೂಪಾಯಿ ಕೈಬಿಟ್ಟಿದೆ.

ಇಷ್ಟು ಮಾಡುವುದು ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಲೆಕ್ಕ. ಕಷ್ಟದ ಪ್ರಶ್ನೆ ಇದರ ನಂತರ ಬರುತ್ತದೆ. ಆ 420 ಮಂದಿಯಲ್ಲಿ ಎಷ್ಟು ಜನ, ಯಾರೂ ಏನೂ ಹೇಳದಿದ್ದರೂ ಕೊಳ್ಳುತ್ತಿದ್ದರು?

ಕೂಪನ್ ಕೋಡ್ ಇದಕ್ಕೆ ಉತ್ತರ ಕೊಡಲಾರದು. ಕೋಡ್ ಹೇಳುವುದು ಆರ್ಡರು ಯಾವ ಬಾಗಿಲಿನಿಂದ ಒಳಬಂತು ಎಂದಷ್ಟೇ. ನಮ್ಮ ಜನರ ರೂಢಿ ಗೊತ್ತಲ್ಲ: ಹಣ ಕಟ್ಟುವ ಪುಟಕ್ಕೆ ಬಂದಾಗ ‘ಕೂಪನ್ ಇದೆಯೇ’ ಎಂಬ ಖಾಲಿ ಚೌಕ ಕಂಡರೆ ಅಲ್ಲೇ ನಿಲ್ಲುತ್ತಾರೆ. ಇನ್ನೊಂದು ಟ್ಯಾಬ್ ತೆರೆದು ಹುಡುಕುತ್ತಾರೆ. ಕೂಪನ್ ಕೂಡಿಹಾಕುವ ವೆಬ್‌ಸೈಟುಗಳಲ್ಲೋ, ಆಫರ್ ಹಂಚುವ ಟೆಲಿಗ್ರಾಂ ಗುಂಪಿನಲ್ಲೋ ಯಾರದ್ದೋ ಕೋಡ್ ಸಿಗುತ್ತದೆ. ಅದನ್ನು ಹಾಕಿ 50 ರೂಪಾಯಿ ಉಳಿಸುತ್ತಾರೆ. ಆ ಇನ್‌ಫ್ಲುಯೆನ್ಸರ್‌ಳ ಮುಖವನ್ನು ಅವರು ನೋಡಿಯೇ ಇರುವುದಿಲ್ಲ, ಆದರೆ ಆರ್ಡರು ಆಕೆಯ ಲೆಕ್ಕಕ್ಕೆ ಬೀಳುತ್ತದೆ.

ಇದರ ತಿರುವುಮುರುವೂ ನಡೆಯುತ್ತದೆ. ರೀಲ್ ನೋಡಿದ ಹುಡುಗಿ ಆಗಲೇ ಕೊಳ್ಳುವುದಿಲ್ಲ. ಮನೆಯಲ್ಲಿರುವ ಟ್ಯೂಬ್ ಮುಗಿಯಲಿ ಎಂದು ಕಾಯುತ್ತಾಳೆ. ಮೂರು ವಾರದ ನಂತರ ಅಮೆಜಾನಿನಲ್ಲೋ ನೈಕಾದಲ್ಲೋ ಹೆಸರು ಹುಡುಕಿ ಕೊಳ್ಳುತ್ತಾಳೆ. ಅಲ್ಲಿ ಈ ಕೋಡ್ ನಡೆಯುವುದಿಲ್ಲ. ಅಥವಾ ತಂಗಿಗೆ ಹೇಳುತ್ತಾಳೆ, ತಂಗಿ ಕೊಳ್ಳುತ್ತಾಳೆ. ಇವು ಇನ್‌ಫ್ಲುಯೆನ್ಸರ್‌ಳ ನಿಜವಾದ ಗಳಿಕೆ, ಆದರೆ ಯಾರ ಪುಸ್ತಕದಲ್ಲೂ ಆಕೆಯ ಹೆಸರಿನಲ್ಲಿ ಬರುವುದಿಲ್ಲ. ಎರಡು ತಪ್ಪುಗಳು ಒಂದಕ್ಕೊಂದು ಸರಿಹೋಗಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಒಟ್ಟು ಮೊತ್ತದಲ್ಲಿ ಕೆಲವು ಸಲ ಸರಿಹೋಗಬಹುದು. ವ್ಯಕ್ತಿವ್ಯಕ್ತಿಯ ಲೆಕ್ಕದಲ್ಲಿ ಸರಿಹೋಗುವುದಿಲ್ಲ, ಏಕೆಂದರೆ ಮೊದಲ ತಪ್ಪಿನ ಲಾಭ ಒಬ್ಬಳಿಗೂ ಎರಡನೆಯದರ ನಷ್ಟ ಇನ್ನೊಬ್ಬಳಿಗೂ ಆಗುತ್ತದೆ.

‘ಹೇಳದಿದ್ದರೆ ಏನಾಗುತ್ತಿತ್ತು’ ಎಂಬುದನ್ನು ತಿಳಿಯಲು ಇರುವ ದಾರಿ ಒಂದೇ. ಎಲ್ಲೋ ಒಂದು ಕಡೆ ಹೇಳದೆ ಇರಬೇಕು. ಹೊಸ ಗೊಬ್ಬರ ಹಾಕಿ ನೋಡುವ ರೈತ ಒಂದು ಮಡಿಯನ್ನು ಹಾಗೆಯೇ ಬಿಡುವಂತೆ, ಕಂಪನಿ ಕೆಲವು ಜಿಲ್ಲೆಗಳನ್ನು ಈ ಪ್ರಚಾರದಿಂದ ಹೊರಗಿಡಬೇಕು. ಇಲ್ಲಿ ನಮ್ಮ ಭಾಷೆಯೇ ಕಂಪನಿಯ ಸಹಾಯಕ್ಕೆ ಬರುತ್ತದೆ. ಇನ್‌ಸ್ಟಾಗ್ರಾಂಗೆ ಜಿಲ್ಲೆಯ ಗಡಿ ಇಲ್ಲ, ನಿಜ. ಆದರೆ ಧಾರವಾಡ, ಕಲಬುರಗಿ ಕಡೆಯ ಕನ್ನಡದಲ್ಲಿ ಮಾತಾಡುವವರನ್ನು ಹೆಚ್ಚಾಗಿ ಆ ಕಡೆಯವರೇ ನೋಡುತ್ತಾರೆ. ಕುಂದಾಪುರದ ಕನ್ನಡಕ್ಕೆ ಕರಾವಳಿಯವರೇ ಹೆಚ್ಚು. ದೊಡ್ಡ ಸೆಲೆಬ್ರಿಟಿಯ ವಿಷಯದಲ್ಲಿ ಇಂಥ ಪರೀಕ್ಷೆ ಮಾಡುವುದು ಬಹಳ ಕಷ್ಟ, ಆಕೆ ಎಲ್ಲ ಕಡೆಗೂ ಒಟ್ಟಿಗೆ ಕಾಣುತ್ತಾಳೆ. ಅಳೆಯಲು ಬರುತ್ತದೆ ಎಂಬುದೇ ಸಣ್ಣವರನ್ನು ಆರಿಸಲು ಒಂದು ಒಳ್ಳೆಯ ಕಾರಣ, ಈ ಮಾತನ್ನು ವ್ಯಾಪಾರದವರು ಯಾರೂ ಹೇಳುವುದಿಲ್ಲ.

ನಮ್ಮ ಉದಾಹರಣೆಯ ಕಂಪನಿ ಆರ್ಡರುಗಳನ್ನು ಪಿನ್ ಕೋಡ್ ಪ್ರಕಾರ ಎರಡು ಗುಂಪು ಮಾಡುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ, ಬಳ್ಳಾರಿ ಒಂದು ಕಡೆ. ಮೈಸೂರು, ಹಾಸನ, ಶಿವಮೊಗ್ಗ, ಮಂಗಳೂರು, ಉಡುಪಿ ಇನ್ನೊಂದು ಕಡೆ. ಎಲ್ಲ ಊರಿನವರೂ ಇರುವ ಬೆಂಗಳೂರನ್ನು ಹೋಲಿಕೆಯಿಂದ ಬಿಡುತ್ತದೆ. ಪ್ರಚಾರಕ್ಕೆ ಮುಂಚಿನ ನಾಲ್ಕು ವಾರದಲ್ಲಿ ಉತ್ತರದಿಂದ 300, ದಕ್ಷಿಣದಿಂದ 400 ಆರ್ಡರ್ ಬಂದಿತ್ತು. ಪ್ರಚಾರದ ನಾಲ್ಕು ವಾರದಲ್ಲಿ ಉತ್ತರ 620ಕ್ಕೆ ಏರಿತು. ಹಾಗೆಂದು 320 ಹೆಚ್ಚಾಯಿತು ಎನ್ನುವಂತಿಲ್ಲ. ಏನೂ ಮಾಡದ ದಕ್ಷಿಣವೂ 480 ಆಗಿದೆ, ಬಿಸಿಲು ಏರುತ್ತಿದೆ. ಆ ಇಪ್ಪತ್ತು ಪರ್ಸೆಂಟ್ ಏರಿಕೆ ಉತ್ತರಕ್ಕೂ ತಾನಾಗಿಯೇ ಬರುತ್ತಿತ್ತು ಎಂದರೆ 360. ಉಳಿದ 260 ಮಾತ್ರ ಹನ್ನೆರಡು ಮಂದಿಯ ಕೆಲಸ.

ಇನ್ನೊಂದು ವಿಷಯವೂ ಈ ಅಂಕಿಯೊಳಗಿದೆ. ಉತ್ತರದ 620ರಲ್ಲಿ ಕೋಡ್ ಹಾಕಿ ಬಂದವು 330, ಹಾಕದೆ ಬಂದವು 290. ಪ್ರಚಾರವೇ ಇಲ್ಲದಿದ್ದರೂ 360 ಬರಬೇಕಿತ್ತಲ್ಲ. ಕೋಡ್ ಇಲ್ಲದವು 290ಕ್ಕೆ ಇಳಿದದ್ದು ಹೇಗೆ? ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಿದ್ದವರಲ್ಲಿ ಕಡೇಪಕ್ಷ 70 ಮಂದಿ ಕೋಡಿನ ಕಡೆಗೆ ಸರಿದಿದ್ದಾರೆ. ಅವರ ಪ್ರತಿ ಆರ್ಡರಿನಲ್ಲೂ ಕಂಪನಿ ತೆರಿಗೆ ಕಳೆದು 42 ರೂಪಾಯಿ ಕಳೆದುಕೊಂಡಿದೆ.

ಬೆಂಗಳೂರು ಮೊದಲಾದ ಕಡೆಯಿಂದ ಕೋಡಿನಲ್ಲಿ ಬಂದ 90 ಆರ್ಡರು ಉಳಿದವು. ಅವರಲ್ಲಿ ಬಹಳ ಜನ ಕೆಲಸಕ್ಕೆಂದು ಬಂದು ನೆಲೆಸಿದ ಉತ್ತರ ಕರ್ನಾಟಕದವರಿರಬಹುದು. ಅಷ್ಟನ್ನೂ ಇನ್‌ಫ್ಲುಯೆನ್ಸರ್‌ಗಳ ಲೆಕ್ಕಕ್ಕೇ ಬಿಟ್ಟುಕೊಡೋಣ. 260ಕ್ಕೆ 90 ಸೇರಿ 350 ಹೊಸ ಗ್ರಾಹಕರು. 150ರಂತೆ 52,500. ರಿಯಾಯಿತಿಯಲ್ಲಿ ಹೋದ ಸುಮಾರು 3,000 ಕಳೆದರೆ 49,500. ಖರ್ಚು 76,000. ಮೊದಲ ಕೊಳ್ಳುವಿಕೆಯಲ್ಲಿ ಕೈಬಿಟ್ಟದ್ದು 26,500.

ಈ ಪರೀಕ್ಷೆ ಎಲ್ಲಿ ಮೋಸ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಬೇಸಿಗೆ ಎಲ್ಲ ಕಡೆಗೂ ಒಂದೇ ರೀತಿ ಬರುವುದಿಲ್ಲ. ಮಾರ್ಚಿನಲ್ಲಿ ಕಲಬುರಗಿಯ ಬಿಸಿಲಿಗೂ ಉಡುಪಿಯ ಸೆಕೆಗೂ ವ್ಯತ್ಯಾಸವಿದೆ. ಹಿಂದಿನ ವರ್ಷದ ಪುಸ್ತಕ ತೆಗೆದು ನೋಡಿದಾಗ, ಯಾವ ಪ್ರಚಾರವೂ ಇಲ್ಲದೆ ದಕ್ಷಿಣ ಇಪ್ಪತ್ತು ಪರ್ಸೆಂಟ್ ಏರಿದ ತಿಂಗಳಲ್ಲಿ ಉತ್ತರ ಮೂವತ್ತು ಏರಿತ್ತು ಎಂದಾದರೆ, ನಾವು 360 ಎಂದು ಹಿಡಿದದ್ದು 390 ಆಗಬೇಕು, 260 ಎಂದದ್ದು 230ಕ್ಕೆ ಇಳಿಯಬೇಕು. ಸನ್‌ಸ್ಕ್ರೀನ್ ಮಾರುವವರು ಸಾಧ್ಯವಾದರೆ ಋತು ತಿರುಗುವ ತಿಂಗಳನ್ನು ಬಿಟ್ಟು ಪರೀಕ್ಷೆ ಮಾಡುವುದು ಲೇಸು. ಹಬ್ಬದ ಸೇಲ್ ಇರುವ ತಿಂಗಳನ್ನಂತೂ ಮುಟ್ಟಲೇಬಾರದು.

ಎರಡನೆಯದು ಸಣ್ಣ ಸಂಖ್ಯೆಯ ತೊಂದರೆ. ಆರ್ಡರುಗಳ ಎಣಿಕೆ ಏನೂ ಕಾರಣವಿಲ್ಲದೆ ಏರಿಳಿಯುತ್ತಿರುತ್ತದೆ, ಆ ಏರಿಳಿತ ಹೆಚ್ಚುಕಡಿಮೆ ಆ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 360 ಬರಬೇಕಾದ ಕಡೆ ಹತ್ತೊಂಬತ್ತು, ಅದರ ಎರಡರಷ್ಟು ಎಂದರೂ ನಲವತ್ತರ ಒಳಗೆ ಆಚೀಚೆ ಆಗಬಹುದು. 260 ಅದಕ್ಕಿಂತ ಎಷ್ಟೋ ದೊಡ್ಡದು, ನಂಬಬಹುದು. ತಿಂಗಳಿಗೆ 40 ಆರ್ಡರು ಬರುವ ಕಂಪನಿಯಲ್ಲಿ ಹನ್ನೆರಡೋ ಹದಿಮೂರೋ ಹೆಚ್ಚು ಬಂದರೆ ಅದು ಪ್ರಚಾರದ ಫಲವೋ ಸುಮ್ಮನೆ ಬಂದದ್ದೋ ಹೇಳಲಾಗದು. ಅಂಥವರು ಜಿಲ್ಲೆ ವಿಂಗಡಿಸುವ ಶ್ರಮ ಬಿಟ್ಟು, ಪ್ರತಿ ಗ್ರಾಹಕರಿಗೂ ಪಾರ್ಸೆಲ್ ತಲುಪಿದ ಮೇಲೆ ಫೋನ್ ಮಾಡಿ ‘ನಮ್ಮ ಹೆಸರು ಮೊದಲು ಎಲ್ಲಿ ಕೇಳಿದ್ರಿ?’ ಎಂದು ವಿಚಾರಿಸಿದರೆ ಹೆಚ್ಚು ತಿಳಿಯುತ್ತದೆ. ನೆನಪು ಪೂರ್ತಿ ನಂಬಲರ್ಹವಲ್ಲ. ಆದರೂ ‘ಅಕ್ಕ ಹೇಳಿದ್ಲು, ಅವಳು ಯಾವುದೋ ವಿಡಿಯೋ ನೋಡಿದ್ಲಂತೆ’ ಎಂಬ ಉತ್ತರ ಯಾವ ಕೋಡಿಗೂ ಸಿಗುವುದಿಲ್ಲ.

ಹಾಗಾದರೆ 26,500 ನಷ್ಟವಾದ ಈ ಪ್ರಚಾರ ಸೋತಿತೇ? ಇನ್ನೂ ಹೇಳಲಾಗದು, ಏಕೆಂದರೆ ಟ್ಯೂಬು ಇನ್ನೂ ಮುಗಿದಿಲ್ಲ. ಎರಡು ಬೆರಳಿನಷ್ಟು ಹಚ್ಚಿಕೊಂಡರೆ ಮುಖ, ಕುತ್ತಿಗೆಗೆ ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಬೇಕು. ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಒಂದೂವರೆ ತಿಂಗಳಷ್ಟು ಬರುತ್ತದೆ, ಉಳಿಸಿ ಬಳಸುವವರಿಗೆ ಎರಡು ತಿಂಗಳು. ಚರ್ಮಕ್ಕೆ ಹಚ್ಚುವ ಯಾವ ವಸ್ತುವಿನ ನಿಜವಾದ ತೀರ್ಪೂ ಎರಡನೆಯ ಟ್ಯೂಬಿನಲ್ಲಿರುತ್ತದೆ. ಮೊದಲನೆಯದನ್ನು ಇನ್‌ಫ್ಲುಯೆನ್ಸರ್‌ಳ ಮಾತು ಕೊಡಿಸುತ್ತದೆ. ಎರಡನೆಯದನ್ನು ಕೊಡಿಸುವುದು ಆ ಮಾತು ನಿಜವಾಗಿತ್ತು ಎಂಬ ಅನುಭವ. ಆದ್ದರಿಂದ ನಾಲ್ಕು ವಾರಕ್ಕೆ ಲೆಕ್ಕ ಮುಚ್ಚುವ ಕಂಪನಿ ತನಗೆ ಬೇಕಾದ ಉತ್ತರ ಬರುವ ಮೊದಲೇ ಎದ್ದು ಹೋಗುತ್ತಿದೆ. ಕಡೇಪಕ್ಷ ನಾಲ್ಕು ತಿಂಗಳು ಕಾಯಬೇಕು.

ಪೂರ್ತಿ ಬೆಲೆಗೆ ಮಾರಿದಾಗ ಟ್ಯೂಬಿಗೆ 192 ಉಳಿಯುತ್ತದೆ. 350 ಹೊಸಬರಲ್ಲಿ ಮೂವತ್ತು ಪರ್ಸೆಂಟ್, ಅಂದರೆ 105 ಮಂದಿ ಮತ್ತೆ ಬಂದರೆ 20,160. ಅವರಲ್ಲಿ ಅರ್ಧದಷ್ಟು ಜನ ಮೂರನೆಯ ಟ್ಯೂಬನ್ನೂ ಕೊಂಡರೆ ಇನ್ನೂ ಸುಮಾರು 10,000. ನಷ್ಟ ತುಂಬಿ ಸ್ವಲ್ಪ ಉಳಿಯಿತು. ಮತ್ತೆ ಬಂದವರು ಹದಿನೈದು ಪರ್ಸೆಂಟ್ ಮಾತ್ರವಾದರೆ ನಷ್ಟ ನಷ್ಟವಾಗಿಯೇ ಉಳಿಯಿತು. ಇಡೀ ಪ್ರಚಾರದ ಸೋಲು ಗೆಲುವು ನಿಂತಿರುವುದು ಈ ಒಂದು ಅಂಕಿಯ ಮೇಲೆ, ಏಜೆನ್ಸಿಯ ವರದಿಯಲ್ಲಿ ಇಲ್ಲದ ಅಂಕಿಯ ಮೇಲೆ.

ಈಗ ಹನ್ನೆರಡು ಮಂದಿಯಲ್ಲಿ ಇಬ್ಬರನ್ನು ಹತ್ತಿರದಿಂದ ನೋಡಿ. ಮೊದಲನೆಯವಳು 8,000 ಪಡೆದಳು. ಆಕೆಯ ಕೋಡಿನಲ್ಲಿ 90 ಆರ್ಡರು, ಎಲ್ಲರಿಗಿಂತ ಹೆಚ್ಚು. ಎರಡನೆಯವಳು 4,000 ಪಡೆದಳು; ಆರ್ಡರು 28. ಕೂಪನ್ ಲೆಕ್ಕದಲ್ಲಿ ಎರಡನೆಯವಳನ್ನು ಮುಂದಿನ ಸಲ ಕರೆಯುವುದಿಲ್ಲ. ಆದರೆ ಆ 90 ಆರ್ಡರುಗಳ ಫೋನ್ ನಂಬರುಗಳನ್ನು ಕಂಪನಿಯ ಹಳೆಯ ಪುಸ್ತಕದ ಜೊತೆ ಹೋಲಿಸಿದಾಗ 50 ಮಂದಿ ಹಳೆಯ ಗ್ರಾಹಕರೇ ಎಂದು ತಿಳಿಯಿತು. ಆಕೆಯ ಕೋಡ್ ಕೂಪನ್ ವೆಬ್‌ಸೈಟಿಗೆ ಸೇರಿಹೋಗಿತ್ತು. ಗುರುತು ಸುಲಭ: ರೀಲ್ ಹಾಕಿದ ಎರಡು ಮೂರು ದಿನ ಏರಿ ಆಮೇಲೆ ಇಳಿಯಬೇಕಾದ ಆರ್ಡರು ತಿಂಗಳಿಡೀ ಒಂದೇ ಸಮನೆ ಬರುತ್ತಿತ್ತು, ಆಕೆಯನ್ನು ಯಾರೂ ನೋಡದ ಊರುಗಳಿಂದಲೂ ಬರುತ್ತಿತ್ತು. ಹೊಸಬರು 40, ಅವರಿಂದ 6,000. ಹಳಬರಿಗೆ ಸುಮ್ಮನೆ ಕೊಟ್ಟ ರಿಯಾಯಿತಿ 2,100. ನಾಲ್ಕು ತಿಂಗಳಲ್ಲಿ ಮತ್ತೆ ಕೊಂಡ ಹೊಸಬರು 5, ಅವರಿಂದ 960. ಒಟ್ಟು 4,860 ಬಂತು, 8,000 ಹೋಯಿತು. ಎರಡನೆಯವಳ 28ರಲ್ಲಿ 25 ಹೊಸಬರು, ಅವರಿಂದ 3,750. ಹಳಬರ ರಿಯಾಯಿತಿ 126. ಮತ್ತೆ ಕೊಂಡ ಹೊಸಬರು 11, ಅವರಿಂದ 2,112. ಬಂದದ್ದು 5,736, ಹೋದದ್ದು 4,000. ಇಷ್ಟು ಸಣ್ಣ ಎಣಿಕೆಯಲ್ಲಿ 28ಕ್ಕೂ 34ಕ್ಕೂ ಭೇದ ಮಾಡಬಾರದು. ನಲವತ್ತರಲ್ಲಿ ಐದು, ಇಪ್ಪತ್ತೈದರಲ್ಲಿ ಹನ್ನೊಂದು ಎಂಬ ಅಂತರ ಸುಮ್ಮನೆ ಬರುವಂಥದ್ದಲ್ಲ.

ಎರಡನೆಯವಳು ಅರ್ಧ ಮುಖಕ್ಕೆ ಹಚ್ಚಿ ತೋರಿಸಿದವಳು. ಮೊದಲನೆಯವಳು ‘ಇವತ್ತೇ ಕೊನೇ ದಿನ, ಕೋಡ್ ಹಾಕೋದು ಮರೀಬೇಡಿ’ ಎಂದು ಮೂರು ದಿನ ಸ್ಟೋರಿ ಹಾಕಿದವಳು. ಆಕೆಯನ್ನು ನಾನು ದೂರುವುದಿಲ್ಲ. ಆರ್ಡರಿಗಿಷ್ಟು ಎಂದು ಎಣಿಸುವ ಕಂಪನಿಗೆ ಏನು ಬೇಕೋ ಅದನ್ನೇ ಆಕೆ ಕೊಟ್ಟಳು. ಕೂಪನ್ ಎಣಿಕೆಯನ್ನೇ ಅಳತೆ ಮಾಡಿದ ದಿನ ಕಂಪನಿ ಹನ್ನೆರಡು ಮಂದಿಗೂ ಏನು ಮಾತಾಡಬೇಕೆಂದು ಹೇಳಿಕೊಟ್ಟಂತಾಯಿತು. ಎಣ್ಣೆ ಚರ್ಮದ ಹುಡುಗಿಗೆ ‘ಇದು ನಿನಗೆ ಆಗಲಿಕ್ಕಿಲ್ಲ’ ಎಂದು ಬರೆದ ಅಕ್ಕ ಆ ಅಳತೆಯಲ್ಲಿ ಒಂದು ಆರ್ಡರು ಕಳೆದುಕೊಂಡಳು. ವಾಪಸ್ ಬರಬಹುದಿದ್ದ ಒಂದು ಪಾರ್ಸೆಲ್ಲನ್ನೂ ಒಂದು ಕೆಟ್ಟ ರಿವ್ಯೂವನ್ನೂ ಆಕೆ ತಡೆದದ್ದು ಎಲ್ಲೂ ದಾಖಲಾಗಲಿಲ್ಲ.

ಜಾಹೀರಾತು ಎಂದು ತಿಳಿಸುವ ವಿಷಯದಲ್ಲೂ ಇದೇ ನಡೆಯುತ್ತದೆ. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ 2021ರ ಜೂನ್‌ನಿಂದ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದೆ. ಹಣ ಪಡೆಯದೆ ಬರೀ ಉಚಿತ ಟ್ಯೂಬ್ ಪಡೆದಿದ್ದರೂ ಹೇಳಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ, ಆ ಮಾತನ್ನು ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಮುಚ್ಚಿಡಬಾರದು ಎನ್ನುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಆದರೂ ‘ಜಾಹೀರಾತು ಎಂದು ಬರೆದರೆ ಆರ್ಡರು ಕಡಿಮೆಯಾಗುತ್ತದೆ, ಸ್ವಲ್ಪ ಕೆಳಗೆ ಹಾಕಿ’ ಎಂಬ ಮಾತು ಕೇಳಿಬರುತ್ತಲೇ ಇರುತ್ತದೆ. ನಾಲ್ಕು ವಾರದ ಲೆಕ್ಕದಲ್ಲಿ ಅದು ನಿಜವೂ ಇರಬಹುದು. ನಾಲ್ಕು ತಿಂಗಳ ಲೆಕ್ಕ ಇಡುವ ಕಂಪನಿಗೆ ಹಾಗೆ ಮುಚ್ಚಿ ತಂದ ಗ್ರಾಹಕಳಿಂದ ಲಾಭ ಕಡಿಮೆ, ಏಕೆಂದರೆ ಎರಡನೆಯ ಟ್ಯೂಬಿನ ಹೊತ್ತಿಗೆ ಆಕೆಗೆ ತಾನು ನಂಬಿದ್ದು ಗೆಳತಿಯ ಮಾತಲ್ಲ, ಹಣ ಕೊಟ್ಟು ಹೇಳಿಸಿದ ಮಾತು ಎಂದು ಗೊತ್ತಾಗಿರುತ್ತದೆ.

ಹಾಗಾಗಿ ಒಪ್ಪಂದವನ್ನೇ ಬೇರೆ ರೀತಿ ಬರೆಯಬೇಕು. ಟ್ಯೂಬು ಕಳಿಸಿ ಮರುವಾರವೇ ರೀಲ್ ಕೇಳಬಾರದು. ಆಕೆ ಒಂದು ತಿಂಗಳು ಬಳಸಲಿ, ಮೊದಲು ಕಿವಿಯ ಹಿಂದೆ ಹಚ್ಚಿ ಅಲರ್ಜಿ ನೋಡಲಿ, ಒಗ್ಗದಿದ್ದರೆ ಮಾಡುವುದಿಲ್ಲ ಎನ್ನುವ ಹಕ್ಕು ಇರಲಿ, ಅದುವರೆಗಿನ ಶ್ರಮಕ್ಕೆ ಒಂದು ಭಾಗ ಹಣವೂ ಸಿಗಲಿ. ಮುಖದ ಮೇಲೆ ಫಿಲ್ಟರ್ ಬೇಡ. ಇಷ್ಟವಾಗದ ಒಂದು ಗುಣವನ್ನು ಹೇಳುವ ಸ್ವಾತಂತ್ರ್ಯವನ್ನು ಬರಹದಲ್ಲೇ ಕೊಡಬೇಕು. ಹಣ ಒಟ್ಟಿಗೆ ನಿಗದಿಯಾಗಲಿ, ಆರ್ಡರಿಗಿಷ್ಟು ಎಂದು ಬೇಡ. ಕೋಡ್ ಕೊಡಲೇಬೇಕೆಂದಿದ್ದರೆ ಹೊಸ ಫೋನ್ ನಂಬರಿಗೆ ಮಾತ್ರ ನಡೆಯುವಂತೆ, ಹತ್ತು ದಿನಕ್ಕೆ ಮುಗಿಯುವಂತೆ ಮಾಡಬಹುದು. ಕೂಪನ್ ವೆಬ್‌ಸೈಟಿನವರ ಕೈಗೆ ಸಿಕ್ಕರೂ ಹಾನಿ ಕಡಿಮೆ.

ಮುಂದಿನ ಸುತ್ತಿನಲ್ಲಿ ಗುಂಪುಗಳನ್ನು ಅದಲುಬದಲು ಮಾಡಬೇಕು. ಕರಾವಳಿ, ಮೈಸೂರು ಕಡೆಯವರಿಂದ ಮಾಡಿಸಿ ಉತ್ತರವನ್ನು ಸುಮ್ಮನೆ ಬಿಡಬೇಕು. ಎರಡು ಸಲವೂ ಏರಿಕೆ ಹತ್ತಿರಹತ್ತಿರ ಬಂದರೆ ಅದು ಪ್ರಚಾರದ್ದೇ. ಉತ್ತರದಲ್ಲಿ ಬಂದದ್ದು ದಕ್ಷಿಣದಲ್ಲಿ ಬರದಿದ್ದರೆ ಕಾರಣ ಬಿಸಿಲಿರಬಹುದು, ಇನ್‌ಫ್ಲುಯೆನ್ಸರ್‌ಗಳ ಆಯ್ಕೆ ಇರಬಹುದು, ಕರಾವಳಿಯ ಬೆವರಿಗೆ ಆ ಕ್ರೀಮೇ ಒಗ್ಗದಿರಬಹುದು. ಮೂರನೆಯದಾಗಿದ್ದರೆ ಅದು ಮಂಗಳೂರಿನ ಕಾಮೆಂಟುಗಳಲ್ಲಿ ಮೊದಲ ವಾರವೇ ಕಾಣಿಸುತ್ತದೆ, ಮತ್ತು ಅದನ್ನು ಓದಬೇಕಾದವರು ಕ್ರೀಮು ತಯಾರಿಸುವವರು.